ನಿಮ್ಮ ಮೊಬೈಲ್ ಆಟವನ್ನು ಪ್ಲೇ ಸ್ಟೋರ್‌ಗೆ ಹಾಕುವುದು ಹೇಗೆ?

ಆಟ ಬರೆದು ಮುಗಿಸಿದವರು ಸ್ಟೋರ್ ಪುಟದ ಕೆಲಸವನ್ನು ಕೊನೆಯ ಎರಡು ದಿನಕ್ಕೆ ಬಿಟ್ಟಿರುತ್ತಾರೆ. ಹೆಸರು, ಚಿತ್ರ, ವಯಸ್ಸಿನ ರೇಟಿಂಗ್, ಬಿಡುಗಡೆಯ ದಿನ ಎಲ್ಲವೂ ಒಂದೇ ಸಂಜೆಯಲ್ಲಿ ಆಗುವ ಕೆಲಸ ಎಂಬ ನಂಬಿಕೆ. ಆದರೆ ಹೊಸದಾಗಿ ಖಾತೆ ತೆರೆದವರಿಗೆ ಇದು ಹೆಚ್ಚುಕಡಿಮೆ ಒಂದೂವರೆ ತಿಂಗಳ ಕೆಲಸ. ಒಂದು ಕಾಲ್ಪನಿಕ ಆಟವನ್ನು ಇಟ್ಟುಕೊಂಡು ಹಂತ ಹಂತವಾಗಿ ನೋಡೋಣ.

ಆಟದ ಹೆಸರು ‘ಕಾಫಿ ಕೊಯ್ಲು’. ವಿರಾಜಪೇಟೆ ಕಡೆಯ ಒಂದು ಸಣ್ಣ ತೋಟ. ಹಣ್ಣಾದ ಕಾಫಿಯನ್ನಷ್ಟೇ ಬೆರಳಿನಿಂದ ಎಳೆದು ಬುಟ್ಟಿಗೆ ಹಾಕಬೇಕು, ಹಸಿರು ಕಾಯಿ ಕಿತ್ತರೆ ಅಂಕ ಹೋಗುತ್ತದೆ. ಕೊಯ್ದದ್ದನ್ನು ಕಣದಲ್ಲಿ ಹರಡಿ, ಅಕಾಲ ಮಳೆ ಬಂದರೆ ಟಾರ್ಪಾಲು ಹೊದಿಸಬೇಕು. ಕತ್ತಲಾದರೆ ಆನೆ ಬರುತ್ತದೆ, ಪಟಾಕಿ ಸಿಡಿಸಿ ಓಡಿಸಬೇಕು. ನಡುವೆ ಕೊಡಗಿನ ಕೈಲ್ ಮುಹೂರ್ತ ಹಬ್ಬದ ಒಂದು ಬೋನಸ್ ಹಂತವಿದೆ: ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಕೋವಿಯಿಂದ ಗುರಿಯಿಟ್ಟು ಹೊಡೆಯುವುದು. ಈ ಬೋನಸ್ ಹಂತವೇ ಮುಂದೆ ರೇಟಿಂಗ್ ತುಂಬುವಾಗ ಪ್ರಶ್ನೆಯಾಗುತ್ತದೆ.

ಹೆಸರು ಮತ್ತು ಒಂದು ಸಾಲಿನ ವಿವರಣೆ

ಆಟವನ್ನು ಸ್ಟೋರ್‌ಗೆ ಸೇರಿಸುವ ಗೂಗಲ್‌ನ ತಾಣವಾದ ಪ್ಲೇ ಕನ್ಸೋಲ್‌ನಲ್ಲಿ ಹೆಸರಿಗೆ 30 ಅಕ್ಷರ, ಕಿರು ವಿವರಣೆಗೆ 80, ಪೂರ್ಣ ವಿವರಣೆಗೆ 4000 ಅಕ್ಷರಗಳ ಮಿತಿ ಇದೆ. ಕನ್ನಡದಲ್ಲಿ ಬರೆಯುವವರು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು, ಏಕೆಂದರೆ ಕಂಪ್ಯೂಟರ್ ಎಣಿಸುವ ಅಕ್ಷರ ನಮ್ಮ ಅಕ್ಷರವಲ್ಲ. ‘ಕೊಯ್ಲು’ ನಮ್ಮ ಕಣ್ಣಿಗೆ ಎರಡು ಅಕ್ಷರ. ಯಂತ್ರಕ್ಕೆ ಕ, ಒಕಾರದ ಗುರುತು, ಯ, ಅರ್ಧಾಕ್ಷರದ ಗುರುತು, ಲ, ಉಕಾರದ ಗುರುತು ಎಂದು ಒಟ್ಟು ಆರು. ‘ಕಾಫಿ ಕೊಯ್ಲು: ಕೊಡಗಿನ ತೋಟದ ಆಟ’ ಎಂಬ ಹೆಸರಿನಲ್ಲಿ ನಾವು ಓದುವುದು 13 ಅಕ್ಷರ, ಆದರೆ ಎಣಿಕೆ 27ಕ್ಕೆ ಮುಟ್ಟುತ್ತದೆ. ಇನ್ನೊಂದು ಪದ ಸೇರಿಸಲು ಜಾಗವಿಲ್ಲ. ಹೀಗಾಗಿ ಹೆಸರನ್ನು ಪೋಸ್ಟರ್‌ನಲ್ಲಿ ಹಾಕಿಸುವ ಮೊದಲೇ ಕನ್ಸೋಲ್‌ನಲ್ಲಿ ಬರೆದು ನೋಡಿ.

ಹೆಸರಿನಲ್ಲಿ ‘ನಂಬರ್ ಒನ್’, ‘ಅತ್ಯುತ್ತಮ’, ‘ಉಚಿತ’ ಎಂಬಂಥ ಮಾತುಗಳನ್ನು ಗೂಗಲ್ ಒಪ್ಪುವುದಿಲ್ಲ. ಐಕಾನಿನ ಮೇಲೂ ಅವು ಇರಬಾರದು. ಕಿರು ವಿವರಣೆಯಲ್ಲಿ ಆಡುವವರು ಏನು ಮಾಡುತ್ತಾರೆ ಎಂಬುದನ್ನು ಕ್ರಿಯಾಪದದಲ್ಲಿ ಹೇಳಿ: ‘ಮಳೆ ಬರುವ ಮುನ್ನ ಹಣ್ಣು ಕೊಯ್ದು ಕಣದಲ್ಲಿ ಒಣಗಿಸಿ. ಇಂಟರ್ನೆಟ್ ಬೇಡ.’ ಇದಕ್ಕೆ 58 ಅಕ್ಷರ ಸಾಕು. ಕೊನೆಯ ಎರಡು ಪದ ನನ್ನ ಪ್ರಕಾರ ಬಹಳ ಮುಖ್ಯ. ತೋಟದೊಳಗೆ ಸಿಗ್ನಲ್ ಹುಡುಕುವ ನಮ್ಮ ಕಡೆಯವರಿಗೆ ಅದಕ್ಕಿಂತ ದೊಡ್ಡ ಆಕರ್ಷಣೆ ಇಲ್ಲ. ಆದರೆ ಅದು ನಿಜವಾಗಿರಬೇಕು. ಫ್ಲೈಟ್ ಮೋಡ್ ಹಾಕಿ, ಆಟವನ್ನು ಮೊದಲಿನಿಂದ ತೆರೆದು ಆಡಿ ನೋಡಿದ ಮೇಲೆಯೇ ಬರೆಯಿರಿ. ಕನ್ನಡ ಪುಟದ ಜೊತೆಗೆ ಇಂಗ್ಲಿಷ್ ಪುಟವನ್ನೂ ತುಂಬಿ. ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಹುಡುಕುವವರಿಗೆ ಆಟ ಸಿಗಬೇಕಲ್ಲ.

ಸ್ಕ್ರೀನ್‌ಶಾಟ್

ಕನಿಷ್ಠ ಎರಡು, ಒಂದು ಬಗೆಯ ಸಾಧನಕ್ಕೆ ಗರಿಷ್ಠ ಎಂಟು ಚಿತ್ರ ಹಾಕಬಹುದು. ಜೊತೆಗೆ 512×512 ಅಳತೆಯ ಐಕಾನ್, 1024×500 ಅಳತೆಯ ಒಂದು ದೊಡ್ಡ ಚಿತ್ರ ಬೇಕು.

ಹೆಚ್ಚಿನವರು ಮೊದಲು ಎಡವುವುದು ಅಳತೆಯಲ್ಲಿ. ಚಿತ್ರದ ಉದ್ದ ಅಗಲದ ಎರಡು ಪಟ್ಟು ದಾಟಬಾರದು ಎಂಬ ನಿಯಮವಿದೆ. ಈಗಿನ ಫೋನುಗಳ ಪರದೆ ಸಾಮಾನ್ಯವಾಗಿ 1080×2400, ಅಂದರೆ ಎರಡು ಪಟ್ಟಿಗಿಂತ ಹೆಚ್ಚು ಉದ್ದ. ಫೋನಿನಲ್ಲಿ ತೆಗೆದ ಚಿತ್ರವನ್ನು ಹಾಗೆಯೇ ಹಾಕಿದರೆ ಕನ್ಸೋಲ್ ತೆಗೆದುಕೊಳ್ಳುವುದಿಲ್ಲ. ಕತ್ತರಿಸಿದರೆ ಮೇಲಿನ ಅಂಕಪಟ್ಟಿಯೋ ಕೆಳಗಿನ ಬುಟ್ಟಿಯೋ ಅರ್ಧ ಹೋಗುತ್ತದೆ. ಅದಕ್ಕಿಂತ ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಪರದೆಯನ್ನೇ ತಾತ್ಕಾಲಿಕವಾಗಿ ಚಿಕ್ಕದು ಮಾಡಿ ಚಿತ್ರ ತೆಗೆಯುವುದು ಒಳ್ಳೆಯದು. ಆಂಡ್ರಾಯ್ಡ್‌ನ adb ಉಪಕರಣ ಬಳಸಿ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಈ ಮೂರು ಸಾಲು ಓಡಿಸಿ:

```
adb shell wm size 1080x1920
adb exec-out screencap -p > 1.png
adb shell wm size reset
```

ಮೂರನೇ ಸಾಲು ಮರೆತರೆ ಫೋನ್ ಹಾಗೆಯೇ ಉಳಿಯುತ್ತದೆ. ಪಾರದರ್ಶಕ ಪದರವಿರುವ ಪಿಎನ್‌ಜಿ ಚಿತ್ರವನ್ನೂ ಕನ್ಸೋಲ್ ಒಪ್ಪುವುದಿಲ್ಲ. ಹಾಗೇನಾದರೂ ತಕರಾರು ಬಂದರೆ ಜೆಪೆಗ್ ಆಗಿ ಉಳಿಸಿ ಹಾಕಿ.

ಇನ್ನು ಚಿತ್ರಗಳ ಕ್ರಮ. ಪುಟ ತೆರೆದವರು ಎಂಟನ್ನೂ ಸರಿಸಿ ನೋಡುತ್ತಾರೆ ಎಂದು ನಂಬಿ ಕೂರಬೇಡಿ, ಮೊದಲ ಮೂರರಲ್ಲೇ ಆಟ ಅರ್ಥವಾಗಬೇಕು. ಮೊದಲ ಚಿತ್ರಕ್ಕೆ ಆಟದ ಹೆಸರಿರುವ ಪರದೆಯನ್ನು ಹಾಕುವುದು ಜಾಗ ಕಳೆದಂತೆ. ಹೆಸರು ಪಕ್ಕದಲ್ಲೇ ಇರುತ್ತದೆ. ಕಾಫಿ ಕೊಯ್ಲಿಗೆ ನಾನಾದರೆ ಹೀಗೆ ಜೋಡಿಸುತ್ತಿದ್ದೆ: ಮೊದಲನೆಯದು ಗೊಂಚಲಿನಲ್ಲಿ ಕೆಂಪು ಹಣ್ಣು, ಹಸಿರು ಕಾಯಿ ಎರಡೂ ಇದ್ದು ಬೆರಳು ಕೆಂಪನ್ನು ಎಳೆಯುತ್ತಿರುವ ಕ್ಷಣ. ಎರಡನೆಯದು ಕಣದ ಮೇಲೆ ಮೋಡ ಕವಿದು ಟಾರ್ಪಾಲು ಅರ್ಧ ಹೊದಿಸಿರುವುದು. ಮೂರನೆಯದು ಕತ್ತಲಲ್ಲಿ ಬೇಲಿ ಬಳಿ ನಿಂತ ಆನೆ. ಕೊಯ್ಯುವುದು, ಕಾಯುವುದು, ಓಡಿಸುವುದು ಇಷ್ಟೇ ಆಟ, ಅಷ್ಟೂ ಕಂಡಿತು. ತೆಂಗಿನಕಾಯಿ ಹಂತ ನಾಲ್ಕನೆಯದಾಗಿರಲಿ. ಅದನ್ನೇ ಮೊದಲು ಹಾಕಿದರೆ ಶೂಟಿಂಗ್ ಆಟ ಎಂದು ಇಳಿಸಿಕೊಂಡವರು ಹತ್ತು ನಿಮಿಷದಲ್ಲಿ ಅಳಿಸಿ ಒಂದು ನಕ್ಷತ್ರ ಕೊಟ್ಟು ಹೋಗುತ್ತಾರೆ.

ಚಿತ್ರದ ಮೇಲೆ ಬರಹ ಹಾಕುವುದಾದರೆ ಚಿತ್ರದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಜಾಗ ಅದಕ್ಕೆ ಬೇಡ. ಕನ್ನಡದ ಒತ್ತುಗಳನ್ನು ಮಾತ್ರ ಒಂದೊಂದಾಗಿ ಪರೀಕ್ಷಿಸಿ. ಕೆಲವು ಗೇಮ್ ಎಂಜಿನ್‌ಗಳು ಅಕ್ಷರಗಳನ್ನು ಜೋಡಿಸಲು ಬಾರದೆ ‘ಕೊಯ್ಲು’ವನ್ನು ‘ಕೊಯ್‌ಲು’ ಎಂದು ಬಿಡಿಸಿ ತೋರಿಸುತ್ತವೆ. ಇನ್ನು ಕೆಲವೆಡೆ ಸಾಲಿನ ಎತ್ತರ ಸಾಲದೆ ಒತ್ತಿನ ಬುಡ ಕತ್ತರಿಸಿಹೋಗಿರುತ್ತದೆ. ಕನ್ನಡ ಓದುವವರಿಗೆ ಇದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ, ಆಟದ ಮೇಲಿನ ವಿಶ್ವಾಸವೇ ಹೋಗುತ್ತದೆ.

ವಯಸ್ಸಿನ ರೇಟಿಂಗ್

ರೇಟಿಂಗನ್ನು ನೀವು ಆರಿಸುವುದಿಲ್ಲ. `Content rating` ಎಂಬ ಭಾಗದಲ್ಲಿ ಐಎಆರ್‌ಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಪ್ರಶ್ನಾವಳಿ ಇದೆ. ನಿಮ್ಮ ಉತ್ತರಗಳಿಂದ ಅದೇ ಪ್ರತಿ ಪ್ರದೇಶಕ್ಕೂ ಬೇರೆಬೇರೆ ರೇಟಿಂಗ್ ಲೆಕ್ಕ ಹಾಕುತ್ತದೆ. ಅಮೆರಿಕಕ್ಕೆ ಇಎಸ್‌ಆರ್‌ಬಿ, ಯುರೋಪಿನ ಹಲವು ದೇಶಗಳಿಗೆ ಪೆಗಿ, ಜರ್ಮನಿಗೆ ಯುಎಸ್‌ಕೆ. ಭಾರತದಲ್ಲಿ ಕಾಣುವುದು 3+, 7+, 12+, 16+, 18+ ಎಂಬ ಸಾಮಾನ್ಯ ಶ್ರೇಣಿ. ಒಂದೇ ಆಟಕ್ಕೆ ಎರಡು ದೇಶಗಳಲ್ಲಿ ಎರಡು ವಯಸ್ಸು ಬಂದರೆ ಅದು ತಪ್ಪಲ್ಲ.

ಈಗ ನಮ್ಮ ತೆಂಗಿನಕಾಯಿಗೆ ಬರೋಣ. ಕೊಡಗಿನಲ್ಲಿ ಅದು ಹಬ್ಬದ ಸ್ಪರ್ಧೆ, ಯಾರೂ ಅದನ್ನು ಹಿಂಸೆ ಎನ್ನುವುದಿಲ್ಲ. ಹಾಗೆಂದು ಪ್ರಶ್ನಾವಳಿಯಲ್ಲಿ ಕೋವಿಯ ವಿಷಯವನ್ನೇ ಮುಚ್ಚಿಡಬಾರದು. ಪ್ರಶ್ನೆಗಳನ್ನು ಸಾವಧಾನವಾಗಿ ಓದಿ. ಹೊಡೆತ ಬೀಳುವುದು ಯಾರಿಗೆ, ಮನುಷ್ಯರಿಗೋ ಪ್ರಾಣಿಗೋ ವಸ್ತುವಿಗೋ? ರಕ್ತ ಕಾಣುತ್ತದೆಯೇ? ನಿಜದಂತಿದೆಯೇ, ಕಾರ್ಟೂನಿನಂತಿದೆಯೇ? ಇಲ್ಲಿ ಗುಂಡು ಬೀಳುವುದು ಕಾಯಿಗೆ, ಅದು ಒಡೆಯುತ್ತದೆ, ಅಷ್ಟೇ. ಇರುವುದನ್ನು ಇದ್ದ ಹಾಗೆ ಉತ್ತರಿಸಿ. ಆನೆ ಪಟಾಕಿಗೆ ಬೆದರಿ ಓಡುತ್ತದೆ, ಗಾಯಗೊಳ್ಳುವುದಿಲ್ಲ. ಮುಂದಿನ ಅಪ್‌ಡೇಟಿನಲ್ಲಿ ಕಾಡುಹಂದಿ ಬೇಟೆ ಸೇರಿಸಿದರೆ ಉತ್ತರವೇ ಬದಲಾಗುತ್ತದೆ, ಪ್ರಶ್ನಾವಳಿಯನ್ನು ಮತ್ತೆ ತುಂಬಬೇಕು. ಮದುವೆ ಮನೆಯ ದೃಶ್ಯದಲ್ಲಿ ಯಾರಾದರೂ ಗ್ಲಾಸು ಹಿಡಿದಿದ್ದರೆ ಮದ್ಯದ ಪ್ರಶ್ನೆಗೂ ‘ಇಲ್ಲ’ ಎನ್ನಲಾಗದು. ಸುಳ್ಳು ಉತ್ತರ ಕೊಟ್ಟು 3+ ಪಡೆದ ಆಟವನ್ನು ಗೂಗಲ್ ಸ್ಟೋರಿನಿಂದ ತೆಗೆದುಹಾಕಬಹುದು. 7+ ಬಂದರೆ ಏನೂ ಕಳೆದುಹೋಗುವುದಿಲ್ಲ.

ಇದರ ಪಕ್ಕದಲ್ಲೇ `Target audience` ಎಂಬ ಇನ್ನೊಂದು ಭಾಗವಿದೆ. ಎರಡನ್ನೂ ಒಂದೇ ಎಂದುಕೊಂಡು ಗೊಂದಲ ಮಾಡಿಕೊಳ್ಳುವವರು ಬಹಳ. ರೇಟಿಂಗ್ ಹೇಳುವುದು ಆಟದೊಳಗೆ ಏನಿದೆ ಎಂಬುದನ್ನು. ಇದು ಕೇಳುವುದು ನೀವು ಯಾರಿಗಾಗಿ ಮಾಡಿದ್ದೀರಿ ಎಂಬುದನ್ನು. ‘ಮಕ್ಕಳೂ ಆಡಲಿ’ ಎಂದು ಎಲ್ಲ ವಯಸ್ಸಿನ ಚೌಕಕ್ಕೂ ಗುರುತು ಹಾಕಿದರೆ ಮಕ್ಕಳ ಆಟಗಳ ಕಟ್ಟುನಿಟ್ಟಾದ ನಿಯಮಗಳು ನಿಮಗೆ ಅನ್ವಯಿಸುತ್ತವೆ. ಜಾಹೀರಾತು ಒದಗಿಸುವ ವ್ಯವಸ್ಥೆಯೂ ಅದಕ್ಕೆ ಅರ್ಹತೆ ಪಡೆದದ್ದೇ ಆಗಬೇಕು. ದೊಡ್ಡವರಿಗಾಗಿ ಮಾಡಿದ ಆಟವಾದರೆ 13 ವರ್ಷದ ಮೇಲಿನ ಚೌಕಗಳಷ್ಟೇ ಸಾಕು. ಆದರೆ ಐಕಾನಿನಲ್ಲಿ ಕಣ್ಣು ಮಿಟುಕಿಸುವ ಆನೆಮರಿ ಇಟ್ಟರೆ ಮಕ್ಕಳನ್ನು ಸೆಳೆಯುತ್ತಿದ್ದೀರಿ ಎಂಬ ಆಕ್ಷೇಪ ಬರಬಹುದು. ಗೂಗಲ್‌ನ ಜಾಹೀರಾತು ಸೇವೆ ಆಡ್‌ಮಾಬ್ ಬಳಸುವವರು ಜಾಹೀರಾತಿನ ಗರಿಷ್ಠ ಮಟ್ಟವನ್ನೂ ಆಟದ ರೇಟಿಂಗಿಗೆ ಹೊಂದಿಸಿ, ಇಲ್ಲದಿದ್ದರೆ ಕಾಫಿ ಹಣ್ಣಿನ ನಡುವೆ ವಯಸ್ಕರ ಜಾಹೀರಾತು ಬಂದು ಕೂರುತ್ತದೆ.

ಬಿಡುಗಡೆಯ ದಿನ: ಹಿಂದಕ್ಕೆ ಎಣಿಸಿ

2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಒಂದು ಷರತ್ತು ಇದೆ. ಕನಿಷ್ಠ 12 ಮಂದಿ ಸತತ 14 ದಿನ ನಿಮ್ಮ ಪರೀಕ್ಷಾ ಆವೃತ್ತಿಯಲ್ಲಿ ಸೇರಿಕೊಂಡಿರಬೇಕು. ಆಮೇಲೆ ಸಾರ್ವಜನಿಕ ಬಿಡುಗಡೆಗೆ ಅರ್ಜಿ ಹಾಕಬೇಕು, ಅದರ ಪರಿಶೀಲನೆಗೆ ಸಾಮಾನ್ಯವಾಗಿ ಏಳು ದಿನದವರೆಗೆ ಹಿಡಿಯುತ್ತದೆ. ಅನುಮತಿ ಬಂದ ಮೇಲೆ ಆಟದ ಪರಿಶೀಲನೆಗೆ ಮತ್ತೆ ಏಳು ದಿನ, ಒಮ್ಮೊಮ್ಮೆ ಇನ್ನೂ ಹೆಚ್ಚು.

ಕಾಫಿ ಕೊಯ್ಲಿಗೆ ನವೆಂಬರ್ ಮಧ್ಯ ಸರಿಯಾದ ಕಾಲ. ಅರೇಬಿಕಾ ಹಣ್ಣಾಗುತ್ತಿರುತ್ತದೆ, ಹುತ್ತರಿ ಹತ್ತಿರದಲ್ಲಿರುತ್ತದೆ, ಊರಿನ ಸುದ್ದಿಯಲ್ಲಿ ಕಾಫಿ ಇರುತ್ತದೆ. ಜೂನ್‌ನಿಂದ ಆಗಸ್ಟ್ ಮಾತ್ರ ಬೇಡವೇ ಬೇಡ. ಮೊದಲ ವಾರದಲ್ಲಿ ದೋಷ ಕಂಡರೆ ಅದೇ ದಿನ ತಿದ್ದಿ ಕಳುಹಿಸಬೇಕು, ಮಳೆಗೆ ಮರ ಬಿದ್ದು ಕರೆಂಟೂ ನೆಟ್‌ವರ್ಕೂ ಎರಡು ದಿನ ಇಲ್ಲದಿದ್ದರೆ ಕೈಕಟ್ಟಿ ಕೂರಬೇಕಾಗುತ್ತದೆ.

ನವೆಂಬರ್ 17 ಎಂದು ಇಟ್ಟುಕೊಂಡರೆ, ಆಟವನ್ನು ಪರಿಶೀಲನೆಗೆ ಕಳುಹಿಸುವುದು ನವೆಂಬರ್ 3ರೊಳಗೆ. ಅದಕ್ಕೆ ಅನುಮತಿಯ ಅರ್ಜಿ ಅಕ್ಟೋಬರ್ 24ರ ಸುಮಾರಿಗೆ ಹೋಗಬೇಕು. ಅಂದರೆ 12 ಮಂದಿಯೂ ಅಕ್ಟೋಬರ್ 9ಕ್ಕೆ ಸೇರಿಯಾಗಿರಬೇಕು. ನಡುವೆ ತುಲಾ ಸಂಕ್ರಮಣ ಬರುತ್ತದೆ, ತಲಕಾವೇರಿಗೆ ಹೊರಟವರು ಆಟ ತೆರೆಯುವುದಿಲ್ಲ. ಅದರಿಂದ ದಿನದ ಎಣಿಕೆ ಮುರಿಯುವುದಿಲ್ಲ, ಪರೀಕ್ಷೆಯಿಂದ ಹೊರಬಿದ್ದರೆ ಮಾತ್ರ ಮುರಿಯುತ್ತದೆ. ಹಾಗಾಗಿ 12ಕ್ಕೆ ನಿಲ್ಲಿಸದೆ ಹದಿನೆಂಟು-ಇಪ್ಪತ್ತು ಜನರನ್ನು ಸೇರಿಸಿ. ಬೆಂಗಳೂರು, ಮೈಸೂರಿನಲ್ಲಿರುವ ನೆಂಟರೂ ಬೇರೆಬೇರೆ ಫೋನುಗಳೂ ಇರಲಿ. ಅರ್ಜಿಯಲ್ಲಿ ಪರೀಕ್ಷಕರು ಏನು ಹೇಳಿದರು, ನೀವು ಏನು ಬದಲಿಸಿದಿರಿ ಎಂದು ಕೇಳುತ್ತಾರೆ, ಅದನ್ನು ದಿನವೂ ಬರೆದಿಟ್ಟುಕೊಳ್ಳಿ.

ಪರಿಶೀಲನೆಗೆ ಕಳುಹಿಸುವ ಮುನ್ನ `Managed publishing` ಆನ್ ಮಾಡಿ. ಇಲ್ಲದಿದ್ದರೆ ಒಪ್ಪಿಗೆ ಸಿಕ್ಕ ಕೂಡಲೇ, ಅದು ನವೆಂಬರ್ 6ರ ಮಧ್ಯರಾತ್ರಿಯಾದರೂ, ಆಟ ತಾನಾಗಿಯೇ ಹೊರಬೀಳುತ್ತದೆ. ಆನ್ ಇದ್ದರೆ ನೀವು ಗುಂಡಿ ಒತ್ತುವವರೆಗೆ ಕಾಯುತ್ತದೆ. ಒತ್ತಿದ ಮೇಲೂ ಎಲ್ಲರಿಗೂ ಕಾಣಲು ಕೆಲವು ಗಂಟೆ ಬೇಕಾಗಬಹುದು, ಬೆಳಗ್ಗೆಯೇ ಒತ್ತಿ. ವಾರದ ದಿನ ಮಂಗಳವಾರವೋ ಬುಧವಾರವೋ ಆಗಿರಲಿ. ಶುಕ್ರವಾರ ಬಿಟ್ಟರೆ ಶನಿವಾರ, ಭಾನುವಾರವೆಲ್ಲ ದೋಷ ತಿದ್ದುವುದರಲ್ಲೇ ಹೋದೀತು.

ಒಂದು ಭಾಗದ ಜನರಿಗೆ ಮಾತ್ರ ಮೊದಲು ಕೊಟ್ಟು ನೋಡುವ ಸೌಲಭ್ಯ ಅಪ್‌ಡೇಟುಗಳಿಗೆ ಇದೆ, ಮೊದಲ ಬಿಡುಗಡೆಗೆ ಇಲ್ಲ. ಅದಕ್ಕಾಗಿ ಮೊದಲು ಭಾರತವೊಂದನ್ನೇ ಆರಿಸಿ. ಕನ್ಸೋಲ್‌ನ `Android vitals` ಪುಟವನ್ನು ಮೊದಲ ವಾರ ದಿನವೂ ತೆರೆದು ನೋಡಿ. ಆಡುವವರ ಕಣ್ಣೆದುರು ಆಟ ಕ್ರ್ಯಾಶ್ ಆಗುವ ಪ್ರಮಾಣ 1.09% ದಾಟಿದರೆ ಹುಡುಕಾಟದಲ್ಲಿ ಆಟ ಹಿಂದೆ ಬೀಳಬಹುದು. ಅಂಕಿ ಅದಕ್ಕಿಂತ ಕೆಳಗೆ ನಿಂತ ಮೇಲೆ ಗಲ್ಫ್ ದೇಶಗಳನ್ನೂ ಉಳಿದವನ್ನೂ ಸೇರಿಸುತ್ತಾ ಹೋಗಿ.