ಗೌಪ್ಯತೆ ಯಾರಿಂದ? ಪುಣೆಯಲ್ಲಿ ಆಂತರಿಕ ಸಮಿತಿಗೆ ಸೇರುವ ಕನ್ನಡಿಗರಿಗೆ

ಪುಣೆಗೆ ಬಂದು ನಾಲ್ಕಾರು ವರ್ಷಕ್ಕೆ ಮ್ಯಾನೇಜರ್ ಆದ ನಮ್ಮವರನ್ನು ಎಚ್‌ಆರ್ ಒಂದು ದಿನ ಕರೆದು, ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಗೆ ಹೆಸರು ಹಾಕಿದ್ದೇವೆ ಅನ್ನುತ್ತದೆ. ಕಾಯ್ದೆ 2013ರದು, ಕೇಂದ್ರದ್ದು. ಬೆಂಗಳೂರಿಗೂ ಹಿಂಜೆವಾಡಿಗೂ ಒಂದೇ. ಸಮಿತಿ ರಚನೆ ಹೇಗೆ ಅನ್ನುವುದನ್ನು ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಇಲ್ಲಿನ ಕೆಲವು ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಕೂತು ನಾನು ಕಂಡಿರುವ ಹಾಗೆ, ಹೊಸಬರೆಲ್ಲ ಎಡವುವುದು ಗೌಪ್ಯತೆಯ ವಿಷಯದಲ್ಲಿ.

ಕಾಯ್ದೆಯ 16ನೇ ಕಲಮು ಹೇಳುವುದು ಇಷ್ಟು: ದೂರು, ಇಬ್ಬರ ಹೆಸರು, ಸಾಕ್ಷಿಗಳು, ವಿಚಾರಣೆಯ ವಿವರ ಯಾವುದನ್ನೂ ಸಾರ್ವಜನಿಕರಿಗೆ, ಪತ್ರಿಕೆಗಳಿಗೆ ತಿಳಿಸಬಾರದು. ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ‘ನಮ್ಮ ಹುಡುಗಿಗೆ ಹೀಗಾಯಿತಂತೆ’ ಎಂದು ಬರೆದರೂ ಅದು ಉಲ್ಲಂಘನೆಯೇ. ಆದರೆ ಆರೋಪ ಹೊತ್ತವನಿಂದ ದೂರನ್ನೇ ಮುಚ್ಚಿಡಿ ಎಂದು ಆ ಕಲಮು ಎಲ್ಲಿಯೂ ಹೇಳಿಲ್ಲ.

ಒಂದು ಐಟಿ ಕಂಪನಿಯಲ್ಲಿ ನಡೆದದ್ದು ಹೇಳುತ್ತೇನೆ. ಹುಬ್ಬಳ್ಳಿ ಕಡೆಯ ಹುಡುಗಿ ತನ್ನ ಟೀಮ್ ಲೀಡ್ ಮೇಲೆ ಮೂರು ಆರೋಪ ಬರೆದುಕೊಟ್ಟಳು: ರಾತ್ರಿ ಹೊತ್ತಿನ ಅಸಭ್ಯ ಮೆಸೇಜ್, ಆಫೀಸಿನಿಂದ ಮನೆಗೆ ಬಿಡುವ ಕ್ಯಾಬ್‌ ಕಾರಿನಲ್ಲಿ ಮೈಮುಟ್ಟಿದ್ದು, ಒಪ್ಪದಿದ್ದರೆ ಅಪ್ರೈಸಲ್ ಕೆಡಿಸುವ ಬೆದರಿಕೆ. ಸಮಿತಿ ಅವನನ್ನು ಕರೆದು, ‘ನಿಮ್ಮ ಮೇಲೆ ದೂರಿದೆ, ವಿವರ ಗೋಪ್ಯ, ನಿಮ್ಮ ಉತ್ತರ ಹೇಳಿ’ ಎಂದಿತು. ದಿನಾಂಕ ಗೊತ್ತಿಲ್ಲದೆ ಅವನು ಏನು ಉತ್ತರ ಕೊಡಬೇಕು? ಎಲ್ಲ ಸುಳ್ಳು ಎಂದ. ವರದಿ ಅವನ ವಿರುದ್ಧ ಬಂತು, ಅವನು ಮೇಲ್ಮನವಿ ಹಾಕಿದ, ವಿಚಾರಣೆ ಮೊದಲಿನಿಂದ ಶುರುವಾಯಿತು. ಆ ಹುಡುಗಿ ಅದೇ ಮಾತುಗಳನ್ನು ಇನ್ನೊಮ್ಮೆ ಹೇಳಬೇಕಾಯಿತು. ನನಗೆ ಸಿಟ್ಟು ಬರುವುದು ಅಲ್ಲಿ.

ನಿಯಮ ಸ್ಪಷ್ಟವಾಗಿದೆ. ದೂರು ಬಂದ 7 ಕೆಲಸದ ದಿನಗಳೊಳಗೆ ಅದರ ಪ್ರತಿ ಎದುರಿನವನಿಗೆ ಹೋಗಬೇಕು. ಅವನು 10 ಕೆಲಸದ ದಿನಗಳಲ್ಲಿ ದಾಖಲೆ, ಸಾಕ್ಷಿಗಳ ಹೆಸರು ಸಹಿತ ಉತ್ತರಿಸಬೇಕು. ಆತ ಕಾಟ ಕೊಡಬಹುದೆಂಬ ಭಯವಿದ್ದರೆ ದೂರನ್ನು ಅಡಗಿಸಿ ಫಲವಿಲ್ಲ. ದೂರುದಾರಳು ಬರವಣಿಗೆಯಲ್ಲಿ ಕೇಳಿಕೊಂಡರೆ ಅವಳಿಗೆ ವರ್ಗ ಅಥವಾ ರಜೆ ಕೊಡಿ, ಅವಳ ಅಪ್ರೈಸಲನ್ನು ಬೇರೆಯವರಿಗೆ ವಹಿಸಿ ಎಂದು ಸಮಿತಿ ಶಿಫಾರಸು ಮಾಡಬಹುದು. ಎದುರುಬದುರು ಕೂರಿಸಲೂಬೇಡಿ, ಪ್ರಶ್ನೆಗಳನ್ನು ಬರೆಸಿಕೊಂಡು ಅಧ್ಯಕ್ಷೆಯ ಮೂಲಕ ಕೇಳಿಸಿ.

ಎರಡನೇ ಸುತ್ತಿನಲ್ಲಿ ಸಮಿತಿ ಸಾಕ್ಷ್ಯ ಕಲೆಹಾಕಿದ ರೀತಿ ನನಗೆ ಮೆಚ್ಚುಗೆಯಾಯಿತು. ಸ್ಕ್ರೀನ್‌ಶಾಟ್ ನಂಬಿ ಕೂರಲಿಲ್ಲ. ಅವಳ ಫೋನಿನಲ್ಲೇ ಪೂರ್ತಿ ಸಂಭಾಷಣೆ ನೋಡಿ, ನಂಬರು, ವೇಳೆ, ಹಿಂದುಮುಂದಿನ ಮಾತು ಬರೆದುಕೊಂಡರು. ಹೇಳಿಕೆಯನ್ನು ಅವಳು ಹೇಳಿದ ಕನ್ನಡದಲ್ಲೇ ದಾಖಲಿಸಿ, ಓದಿಹೇಳಿ, ಪುಟಪುಟಕ್ಕೂ ಸಹಿ ಹಾಕಿಸಿದರು. ಕ್ಯಾಬ್ ಗುತ್ತಿಗೆದಾರನಿಂದ ಟ್ರಿಪ್ ಶೀಟ್ ತರಿಸಲು ಹೋದಾಗ ಹಳೆಯವು ಉಳಿದಿರಲಿಲ್ಲ. ಇಂಥ ದಾಖಲೆಗಳನ್ನು ದೂರು ಬಂದ ದಿನವೇ ಕೇಳಿ ತೆಗೆದಿಟ್ಟುಕೊಳ್ಳಬೇಕು.

ವರದಿಯಲ್ಲಿ ಮೂರು ಆರೋಪಕ್ಕೂ ಬೇರೆಬೇರೆ ತೀರ್ಮಾನ ಬಂತು. ಮೆಸೇಜ್ ಸಾಬೀತು. ಬೆದರಿಕೆಯ ಮಾತು ಕಿವಿಯಾರೆ ಕೇಳಿದ ಸಹೋದ್ಯೋಗಿ ಇದ್ದಳು, ಅದೇ ವಾರ ದೂರುದಾರಳ ರೇಟಿಂಗ್ ಕಾರಣವಿಲ್ಲದೆ ಇಳಿದಿತ್ತು, ಅದೂ ಸಾಬೀತು. ಇಲ್ಲಿ ಕ್ರಿಮಿನಲ್ ಕೋರ್ಟಿನ ಮಟ್ಟದ ಪುರಾವೆ ಬೇಕಿಲ್ಲ, ನಡೆದಿರುವ ಸಂಭವವೇ ಹೆಚ್ಚೆಂದು ಕಂಡರೆ ಸಾಕು. ಕ್ಯಾಬ್‌ ಕಾರಿನ ಘಟನೆ ಸಾಬೀತಾಗಲಿಲ್ಲ. ಅಷ್ಟಕ್ಕೇ ಅದು ಸುಳ್ಳು ದೂರಾಗುವುದಿಲ್ಲ. ಪುರಾವೆ ಸಾಲದ್ದಷ್ಟಕ್ಕೇ ದೂರುದಾರಳ ಮೇಲೆ ಕ್ರಮ ಬೇಕಿಲ್ಲವೆಂದು 14ನೇ ಕಲಮೇ ಹೇಳುತ್ತದೆ.

ಇನ್ನೊಂದು ಹೆಜ್ಜೆಯನ್ನು ಬಹುತೇಕ ಎಲ್ಲರೂ ಬಿಡುತ್ತಾರೆ. ಇಬ್ಬರೂ ನೌಕರರಾಗಿದ್ದರೆ ತೀರ್ಮಾನಗಳ ಪ್ರತಿಯನ್ನು ಇಬ್ಬರಿಗೂ ಕೊಟ್ಟು, ಆಕ್ಷೇಪಣೆ ಹೇಳಲು ಅವಕಾಶ ಕೊಡಬೇಕು. ವರದಿಗೆ ಸಹಿ ಹಾಕುವುದು ಆ ಆಕ್ಷೇಪಣೆಗೆ ಉತ್ತರ ಬರೆದ ಮೇಲೆಯೇ.

90 ದಿನದಲ್ಲಿ ಮುಗಿಸಬೇಕೆಂಬ ಮಿತಿ ಒಳ್ಳೆಯದೇ. ಪೊಲೀಸ್, ಕೋರ್ಟು ಎಂದು ಅಲೆಯುವುದಕ್ಕಿಂತ ಈ ದಾರಿ ಮೇಲು ಅನ್ನುವುದು ನನ್ನ ಅಭಿಪ್ರಾಯ. ಆದರೆ ಅವಸರ ಮಾಡಿದರೆ ಏನಾಗುತ್ತದೆಂದು ಗೋವಾ ವಿಶ್ವವಿದ್ಯಾಲಯದ ಪ್ರಕರಣ ನೋಡಿ. 2009ರಲ್ಲಿ ಅಲ್ಲಿನ ಸಮಿತಿ ಒಂದರ ಮೇಲೊಂದು ಸಭೆ ನಡೆಸಿ, ಆರೋಪಿತ ಪ್ರಾಧ್ಯಾಪಕರಿಗೆ ಉತ್ತರಿಸಲು ಸಾಕಷ್ಟು ಸಮಯ ಕೊಡದೆ ಮುಗಿಸಿತ್ತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ರದ್ದುಮಾಡಿ, ವಿಚಾರಣೆಯನ್ನು ಅರ್ಧದಿಂದ ಮತ್ತೆ ನಡೆಸಲು ಸಮಿತಿಗೇ ಹಿಂದಿರುಗಿಸಿತು. ದೂರು ಕೊಟ್ಟಿದ್ದ ವಿದ್ಯಾರ್ಥಿನಿಯರಿಗೆ 14 ವರ್ಷದ ನಂತರವೂ ತೀರ್ಪು ಸಿಗಲಿಲ್ಲ.