√2 ಅಭಾಗಲಬ್ಧವೆಂದು ಸಾಧಿಸಿದಿರಿ. ಅದೇ ಸಾಧನೆಯನ್ನು √4ಕ್ಕೆ ಹಚ್ಚಿ ನೋಡಿ

"√2 ಒಂದು ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿ" ಎಂಬ ಪ್ರಶ್ನೆಗೆ ಹತ್ತನೇ ತರಗತಿಯಲ್ಲಿ ಉತ್ತರ ಬರೆದವರು ಪದವಿಗೆ ಬಂದ ಮೇಲೂ ಅದೇ ಸಾಲುಗಳನ್ನು ಬಾಯಿಪಾಠವಾಗಿ ಬರೆಯಬಲ್ಲರು. ಆ ಸಾಲುಗಳಲ್ಲಿ 2 ಇರುವಲ್ಲೆಲ್ಲ 4 ಎಂದು ಬರೆದರೆ √4 ಕೂಡ ಅಭಾಗಲಬ್ಧವಾಗಿಬಿಡುತ್ತದೆಯಲ್ಲ ಎಂದು ಕೇಳಿದಾಗ ಮಾತ್ರ ಹಲವರು ತಡವರಿಸುತ್ತಾರೆ. √4 ಎಂದರೆ 2. ಹಾಗಾಗಿ ಸಾಧನೆಯ ಯಾವುದೋ ಒಂದು ಹೆಜ್ಜೆ ಅಲ್ಲಿ ಮುರಿಯಲೇಬೇಕು. ಆ ಹೆಜ್ಜೆಯನ್ನು ಹುಡುಕೋಣ.

ಮೊದಲು, ಸಾಧಿಸಬೇಕಾದುದರ ನಿರಾಕರಣೆಯನ್ನು ಸ್ಪಷ್ಟವಾಗಿ ಬರೆಯಿರಿ: √2 ಭಾಗಲಬ್ಧ, ಅಂದರೆ √2 = p/q, ಇಲ್ಲಿ p ಮತ್ತು q ಧನ ಪೂರ್ಣಾಂಕಗಳು. ಯಾವುದೇ ಭಿನ್ನರಾಶಿಯನ್ನು ಸಂಕ್ಷೇಪಿಸಬಹುದಾದ್ದರಿಂದ, p ಮತ್ತು qಗಳಿಗೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲ ಎಂದು ಇಟ್ಟುಕೊಳ್ಳಿ. ಈ ವಾಕ್ಯವನ್ನು ಬರೆಯಲು ಮರೆತವರಿಗೆ ಕೊನೆಯಲ್ಲಿ ವೈರುಧ್ಯವೆಂದು ತೋರಿಸಲು ಏನೂ ಉಳಿದಿರುವುದಿಲ್ಲ.

ಎರಡೂ ಕಡೆ ವರ್ಗ ಮಾಡಿದರೆ p² = 2q², ಆದ್ದರಿಂದ p² ಸಮ ಸಂಖ್ಯೆ. ಇಲ್ಲಿಂದ "p ಕೂಡ ಸಮ" ಎನ್ನುವಾಗ ಕಾರಣ ಕೊಡಲೇಬೇಕು, ಏಕೆಂದರೆ ಇಡೀ ಸಾಧನೆಯ ಭಾರ ಇದರ ಮೇಲೆಯೇ ನಿಂತಿದೆ. p ಬೆಸವಾಗಿದ್ದರೆ p = 2k + 1; ಆಗ p² = 4k² + 4k + 1, ಅದೂ ಬೆಸ. p² ಸಮವಾಗಿರುವುದರಿಂದ p ಬೆಸವಾಗಿರಲು ಸಾಧ್ಯವಿಲ್ಲ.

ಈಗ p = 2m ಎಂದು ಹಾಕಿದರೆ 4m² = 2q², ಅಂದರೆ q² = 2m². ಅದೇ ಕಾರಣದಿಂದ q ಕೂಡ ಸಮ. ಹೀಗೆ p, q ಎರಡನ್ನೂ 2 ಭಾಗಿಸುತ್ತದೆ. ಇದು ಸಂಕ್ಷೇಪಿಸಿದ ಭಿನ್ನರಾಶಿ ಎಂದು ನಾವು ಇಟ್ಟುಕೊಂಡ ಮಾತಿಗೆ ವಿರುದ್ಧ. ತಪ್ಪು ಸಂಕ್ಷೇಪಿಸಿದ್ದರಲ್ಲಿಲ್ಲ, ಅದನ್ನು ಯಾವ ಭಿನ್ನರಾಶಿಗೂ ಮಾಡಬಹುದು. ಆದ್ದರಿಂದ ಬಿದ್ದುಹೋಗುವುದು √2 ಭಾಗಲಬ್ಧ ಎಂಬ ಊಹೆಯೇ.

√3ಕ್ಕೂ ದಾರಿ ಇದೇ. 3ರಿಂದ ಭಾಗಿಸಿದಾಗ 1 ಅಥವಾ 2 ಶೇಷ ಉಳಿಯುವ ಸಂಖ್ಯೆಯ ವರ್ಗಕ್ಕೆ ಯಾವಾಗಲೂ 1 ಶೇಷ ಬರುತ್ತದೆ. ಹಾಗಾಗಿ p²ವನ್ನು 3 ಭಾಗಿಸಿದರೆ pಯನ್ನೂ ಭಾಗಿಸುತ್ತದೆ.

√4ಕ್ಕೆ ಬಂದಾಗ p² = 4q² ಎಂಬಲ್ಲಿಯವರೆಗೆ ತೊಂದರೆಯಿಲ್ಲ. "p²ವನ್ನು 4 ಭಾಗಿಸುತ್ತದೆ, ಆದ್ದರಿಂದ pಯನ್ನೂ 4 ಭಾಗಿಸುತ್ತದೆ" ಎನ್ನುವ ಹೆಜ್ಜೆಯೇ ಸುಳ್ಳು: 36ನ್ನು 4 ಭಾಗಿಸುತ್ತದೆ, 6ನ್ನು ಭಾಗಿಸುವುದಿಲ್ಲ. p ಸಮ ಎಂದಷ್ಟೇ ಹೇಳಬಹುದು. p = 2m ಎಂದು ಹಾಕಿದರೆ m² = q², ಅಂದರೆ m = q; ಹಾಗಾಗಿ p/q = 2/1. ವೈರುಧ್ಯ ಹುಟ್ಟುವ ಬದಲು ನಿಜವಾದ ಬೆಲೆಯೇ ಕೈಗೆ ಬರುತ್ತದೆ.

ಆದರೆ ಹೆಜ್ಜೆ ಮುರಿಯಿತೆಂದ ಮಾತ್ರಕ್ಕೆ ಹೇಳಿಕೆ ಸುಳ್ಳಾಗುವುದಿಲ್ಲ. √8ರಲ್ಲೂ ಅದು ಮುರಿಯುತ್ತದೆ, ಏಕೆಂದರೆ 16ನ್ನು 8 ಭಾಗಿಸಿದರೂ 4ನ್ನು ಭಾಗಿಸುವುದಿಲ್ಲ. ಅಲ್ಲಿ ದಾರಿ ಬದಲಿಸಿ: √8 = p/q ಆಗಿದ್ದರೆ, √8 = 2√2 ಆದ್ದರಿಂದ √2 = p/2q ಭಾಗಲಬ್ಧವಾಗಬೇಕು; ಅದು ಸಾಧ್ಯವಿಲ್ಲವೆಂದು ಈಗಾಗಲೇ ಸಾಧಿಸಿದ್ದೇವೆ.