ಹಗ್ಗ ಯಾರದು? ಒಂದು ಪರಿಹಾರ ದಾವೆಯಲ್ಲಿ ಮಾಲೀಕನ ಹೊಣೆಯನ್ನು ಸಾಬೀತುಪಡಿಸಿದ ನನ್ನ ಅನುಭವ

ಮೈಸೂರಿನ ಒಂದು ಬಡಾವಣೆಯಲ್ಲಿ ಹೂ ಮಾರುತ್ತಿದ್ದ ಹೆಂಗಸಿನ ಮೇಲೆ ಎಸಿಯ ಔಟ್‌ಡೋರ್ ಯೂನಿಟ್ ಬಿತ್ತು. ಮೊದಲ ಮಹಡಿಯ ಹೊರಗೋಡೆಗೆ ಸ್ಟ್ಯಾಂಡ್ ಜಡಿದು, ಮೇಲಿನಿಂದ ಯೂನಿಟ್ಟನ್ನು ಇಳಿಸಿ ಕೂರಿಸುವಾಗ ಅದು ಕೈಜಾರಿತು. ಸುಮಾರು 30 ಕಿಲೋ ತೂಕದ ಆ ಪೆಟ್ಟಿಗೆ ಮೊದಲು ಸಜ್ಜಾಕ್ಕೆ ಬಡಿದು ಆಮೇಲೆ ಆಕೆಯ ಹೆಗಲಿಗೆ ತಾಗಿದ್ದರಿಂದ ಜೀವ ಉಳಿಯಿತು. ಹೆಗಲ ಮೂಳೆ ಮುರಿದು ಬಲಗೈಯನ್ನು ತಲೆಯ ಮಟ್ಟಕ್ಕೆ ಎತ್ತಲಾಗದೆ ಹೋಯಿತು. ತಲೆಯ ಮೇಲೆ ಬುಟ್ಟಿ ಹೊತ್ತು ಬದುಕುವವರಿಗೆ ಅದು ಎಂಥ ನಷ್ಟವೆಂದು ವಿವರಿಸಬೇಕಾಗಿಲ್ಲ.

ಯೂನಿಟ್ ಜೋಡಿಸಲು ಬಂದಿದ್ದ ಫಿಟ್ಟರ್‌ನ ಬಳಿ ಪರಿಹಾರ ಕೊಡುವ ಶಕ್ತಿ ಇರಲಿಲ್ಲ. ಎಸಿ ಮಾರಿದ ಅಂಗಡಿಗೆ ಇತ್ತು. ನಾನು ಕಳಿಸಿದ ನೋಟಿಸಿಗೆ ಅಂಗಡಿಯಿಂದ ಮೂರು ಸಾಲಿನ ಉತ್ತರ ಬಂತು: ಆತ ನಮ್ಮ ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ, ಆತನ ತಪ್ಪಿಗೆ ನಾವು ಹೊಣೆಯಲ್ಲ. ಜೊತೆಗೆ ಕರಾರಿನ ನಕಲು. ಅದರ ಎರಡನೇ ಷರತ್ತಿನಲ್ಲಿ ‘ಸ್ವತಂತ್ರ ಗುತ್ತಿಗೆದಾರ’ ಎಂಬ ಮಾತು ದಪ್ಪಕ್ಷರದಲ್ಲಿತ್ತು. ‘ಕೆಲಸದಲ್ಲಿ ಯಾರಿಗಾದರೂ ಹಾನಿಯಾದರೆ ಗುತ್ತಿಗೆದಾರನೇ ಭರಿಸತಕ್ಕದ್ದು’ ಎಂಬ ಇನ್ನೊಂದು ಷರತ್ತೂ ಇತ್ತು.

ಕಾನೂನಿನ ಮೂಲ ನಿಯಮ ಸರಳ. ನೌಕರ ತನ್ನ ಕೆಲಸದ ಓಘದಲ್ಲಿ ನಿರ್ಲಕ್ಷ್ಯದಿಂದ ಇನ್ನೊಬ್ಬರಿಗೆ ಹಾನಿ ಮಾಡಿದರೆ, ಮಾಲೀಕನ ಸ್ವಂತ ತಪ್ಪು ಇರಲಿ ಇಲ್ಲದಿರಲಿ, ಅವನೂ ಹೊಣೆ. ಸ್ವತಂತ್ರ ಗುತ್ತಿಗೆದಾರನ ತಪ್ಪಿಗೆ, ಕೆಲವು ಅಪವಾದಗಳನ್ನು ಬಿಟ್ಟರೆ, ಕೆಲಸ ವಹಿಸಿದವನು ಹೊಣೆಯಲ್ಲ. ಹಾಗಾಗಿ ನನ್ನ ಕಕ್ಷಿದಾರಳಿಗೆ ಏನಾದರೂ ಸಿಗುವುದು ಆ ಫಿಟ್ಟರ್ ಗೆರೆಯ ಯಾವ ಕಡೆ ನಿಲ್ಲುತ್ತಾನೆ ಎಂಬುದರ ಮೇಲೆ ನಿಂತಿತ್ತು.

ವಾದಪತ್ರದ ಮೊದಲ ಕರಡಿನಲ್ಲಿ ನಾನು ಹಣದ ದಾರಿ ಹಿಡಿದೆ. ತಿಂಗಳು ತಿಂಗಳೂ ಅಂಗಡಿಯಿಂದಲೇ ಆತನ ಖಾತೆಗೆ ಹಣ ಬರುತ್ತಿತ್ತು, ಆದ್ದರಿಂದ ಆತ ನೌಕರ ಎಂದು ಬರೆದೆ. ಅದು ದುರ್ಬಲ ವಾದವಾಗಿತ್ತು. ಆತನಿಗೆ ಕೊಡುತ್ತಿದ್ದದ್ದು ಸಂಬಳವಲ್ಲ, ಒಂದೊಂದು ಫಿಟ್ಟಿಂಗಿಗೆ ಇಷ್ಟು ಎಂಬ ಲೆಕ್ಕ. ತೆರಿಗೆ ಕಡಿತದ ವಿವರದಲ್ಲಿ 1961ರ ಆದಾಯ ತೆರಿಗೆ ಕಾಯಿದೆಯ 192ನೇ ಕಲಂ ಇರಲಿಲ್ಲ, 194ಸಿ ಇತ್ತು. ಮೊದಲನೆಯದು ಸಂಬಳಕ್ಕೆ, ಎರಡನೆಯದು ಗುತ್ತಿಗೆದಾರರಿಗೆ. ಅದರಲ್ಲಿ ವ್ಯಕ್ತಿಗಳಿಗೆ ಶೇಕಡಾ 1ರಂತೆ ಕಡಿತವಾಗುತ್ತಿತ್ತು. ಭವಿಷ್ಯನಿಧಿ ಇಲ್ಲ, ಇಎಸ್‌ಐ ಇಲ್ಲ. ಕಾಗದಗಳೆಲ್ಲ ಎದುರು ಪಕ್ಷದ ಕಡೆ ಇದ್ದವು. ಆದರೆ ಆ ಕಾಗದಗಳನ್ನೆಲ್ಲ ಬರೆದದ್ದು ಅಂಗಡಿಯೇ. ತೆರಿಗೆ ಯಾವ ಕಲಮಿನಲ್ಲಿ ಕಡಿತವಾಗಬೇಕೆಂದು ಫಿಟ್ಟರ್‌ನನ್ನು ಯಾರೂ ಕೇಳಿರಲಿಲ್ಲ.

ಕರಡನ್ನು ಬದಲಿಸಿದ್ದು ಫಿಟ್ಟರ್‌ನ ಜೊತೆ ಮಾತನಾಡಿದ ಮೇಲೆ. ದಾವೆ ಹೂಡುವ ಮೊದಲೇ ಆತ ತಾನಾಗಿ ನನ್ನ ಕಚೇರಿಗೆ ಬಂದಿದ್ದ. ವಕೀಲರನ್ನು ಇಟ್ಟುಕೊಂಡಿರಲಿಲ್ಲ. ನಾನು ಆಕೆಯ ಪರ ವಕೀಲ, ನಿನ್ನ ಮೇಲೂ ದಾವೆ ಹಾಕುತ್ತಿದ್ದೇನೆ ಎಂದು ಮೊದಲೇ ಸ್ಪಷ್ಟವಾಗಿ ಹೇಳಿದೆ. ಆತ ತಲೆಯಾಡಿಸಿ, “ಹಗ್ಗ ಇದ್ದಿದ್ದರೆ ಬೀಳುತ್ತಿರಲಿಲ್ಲ ಸರ್” ಎಂದ.

“ಹಗ್ಗ ಯಾರದು?”

“ಅಂಗಡಿಯದು. ಐದು ಜನ ಫಿಟ್ಟರ್‌ಗಳಿಗೆ ಎರಡು ಹಗ್ಗ. ಅವತ್ತು ಎರಡೂ ಬೇರೆಯವರ ಜೊತೆ ಹೋಗಿದ್ದವು.”

ನನ್ನ ಇಡೀ ಪ್ರಕರಣ ಆ ಉತ್ತರದ ಸುತ್ತ ಮತ್ತೆ ಕಟ್ಟಲ್ಪಟ್ಟಿತು. ಡ್ರಿಲ್ಲಿಂಗ್ ಯಂತ್ರ ಯಾರದು, ಬೆಳಿಗ್ಗೆ ಯಾವ ಮನೆಗೆ ಹೋಗಬೇಕೆಂದು ಹೇಳುವವರು ಯಾರು, ಗ್ರಾಹಕ ಹಣ ಕೊಡುವುದು ಯಾರಿಗೆ, ಒಪ್ಪದ ಕೆಲಸವನ್ನು ಬೇಡ ಎನ್ನಬಹುದೇ, ಬದಲಿಗೆ ತಮ್ಮನನ್ನು ಕಳಿಸಬಹುದೇ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡೆ. ಯಂತ್ರ ಅಂಗಡಿಯದು. ಸಮವಸ್ತ್ರವೂ ಅಂಗಡಿಯದು, ಬೆನ್ನ ಮೇಲೆ ಅಂಗಡಿಯ ಹೆಸರು. ಬೆಳಿಗ್ಗೆ 9ಕ್ಕೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಯಾ ದಿನದ ಮನೆಗಳ ಪಟ್ಟಿ ಬರುತ್ತಿತ್ತು. ಬೈಕು ಮಾತ್ರ ಆತನದು, ಸಹಾಯಕನಿಗೆ ಕೂಲಿ ಕೊಡುವವನೂ ಆತನೇ.

ಕೊನೆಯ ಸಂಗತಿ ನನ್ನನ್ನು ಬಹಳ ಕಾಡಿತು. ಯೂನಿಟ್ ಜಾರಿದ್ದು ಆ ಸಹಾಯಕನ ಕೈಯಿಂದ. ತಾನೇ ಆಳು ಇಟ್ಟುಕೊಳ್ಳುವವನು ನೌಕರ ಹೇಗಾದಾನು ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದಕ್ಕೆ ನೆರವಾದದ್ದು ಸುಪ್ರೀಂ ಕೋರ್ಟಿನ 1957ರ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ತೀರ್ಪು. ಸೌರಾಷ್ಟ್ರದ ಉಪ್ಪಿನ ಪಾತಿಗಳಲ್ಲಿ ದುಡಿಯುವ ಅಗರಿಯಾಗಳಿಗೆ ಕೊಡುತ್ತಿದ್ದದ್ದು ಮಣಕ್ಕೆ ಇಷ್ಟೆಂಬ ದರ. ಅವರು ಮನೆಯವರನ್ನೂ ಕೂಲಿಯವರನ್ನೂ ಜೊತೆಗೆ ಸೇರಿಸಿಕೊಳ್ಳುತ್ತಿದ್ದರು. ಆದರೂ ಅವರು ಕೆಲಸಗಾರರೇ ಎಂದು ಕೋರ್ಟು ಹೇಳಿತು. ಸ್ವತಃ ದುಡಿಯುವವನು ನೆರವಿಗೆ ಇನ್ನೊಬ್ಬನನ್ನು ಕರೆದುಕೊಂಡ ಮಾತ್ರಕ್ಕೆ ಗುತ್ತಿಗೆದಾರನಾಗಿಬಿಡುವುದಿಲ್ಲ. ಅದು ಕೈಗಾರಿಕಾ ವಿವಾದದ ಪ್ರಕರಣ, ಪರಿಹಾರ ದಾವೆಯದಲ್ಲ. ಕಾರ್ಮಿಕ ಕಾನೂನಿನ ತೀರ್ಪನ್ನು ಇಲ್ಲಿಗೆ ತರುವಾಗ ಆ ವ್ಯತ್ಯಾಸವನ್ನು ನಾವೇ ನ್ಯಾಯಾಧೀಶರ ಮುಂದೆ ಒಪ್ಪಿಕೊಳ್ಳುವುದು ಮೇಲು ಎಂದು ನಾನು ನಂಬುತ್ತೇನೆ. ನಾವು ಮುಚ್ಚಿಟ್ಟರೆ ಎದುರಿನವರು ಅದನ್ನೇ ಎತ್ತಿ ತೋರಿಸುತ್ತಾರೆ.

ಫಿಟ್ಟಿಂಗಿಗೆ ಇಷ್ಟು ಎಂಬ ಲೆಕ್ಕಕ್ಕೆ 1973ರ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ತೀರ್ಪು ಹತ್ತಿರವಾಗಿತ್ತು. ಅಲ್ಲಿ ದರ್ಜಿಗಳಿಗೆ ಬಟ್ಟೆಯ ಲೆಕ್ಕದಲ್ಲಿ ಕೂಲಿ. ಹೊಲಿಗೆ ಯಂತ್ರಗಳು ಅಂಗಡಿಯವು. ಹೊಲಿಗೆ ಸರಿಬಾರದಿದ್ದರೆ ತಿರಸ್ಕರಿಸಿ ಮತ್ತೆ ಹೊಲಿಸುವ ಹಕ್ಕು ಅಂಗಡಿಯದು. ಕೆಲಸ ಹೇಗೆ ಮಾಡಬೇಕೆಂದು ಹೆಜ್ಜೆಹೆಜ್ಜೆಗೂ ಹೇಳುವ ಹತೋಟಿಯೊಂದೇ ಅಳತೆಗೋಲಲ್ಲ, ಸಲಕರಣೆ ಯಾರದೆಂಬುದಕ್ಕೂ ತೂಕವಿದೆ ಎಂದು ಕೋರ್ಟು ಅಲ್ಲಿ ಹೇಳಿತು. ನುರಿತ ಕೆಲಸಗಾರನ ವಿಷಯದಲ್ಲಿ ಇದು ಮುಖ್ಯ. ಗ್ಯಾಸ್ ತುಂಬುವುದು ಹೇಗೆಂದು ಅಂಗಡಿಯ ಯಜಮಾನನಿಗೇ ತಿಳಿದಿರುವುದಿಲ್ಲ. ಹಾಗೆಂದು ಫಿಟ್ಟರ್ ಸ್ವತಂತ್ರನಾಗುವುದಿಲ್ಲ.

ದಾವೆಯಲ್ಲಿ ಫಿಟ್ಟರ್ ಮೊದಲ ಪ್ರತಿವಾದಿ, ಅಂಗಡಿ ಎರಡನೆಯದು, ಮನೆಯ ಮಾಲೀಕರು ಮೂರನೆಯವರು. ಫಿಟ್ಟರ್‌ನನ್ನು ಬಿಡುವಂತಿರಲಿಲ್ಲ. ಅವನ ನಿರ್ಲಕ್ಷ್ಯ ಮೊದಲು ಸಾಬೀತಾಗದಿದ್ದರೆ ಮಾಲೀಕನ ಹೊಣೆ ಹುಟ್ಟುವುದೇ ಇಲ್ಲ. ಹಗ್ಗವಿಲ್ಲದೆ ಯೂನಿಟ್ ಇಳಿಸಲು ಹೊರಟದ್ದು, ಕೆಳಗೆ ಜನ ಓಡಾಡುವುದನ್ನು ತಡೆಯದೆ ಇದ್ದದ್ದು ಅವನದೇ ತಪ್ಪು ಎಂದು ಬರೆದೆ. ಸಹಾಯಕನ ಕೈಜಾರಿದ್ದನ್ನು ಆಧಾರವಾಗಿಸಲಿಲ್ಲ. ಜೊತೆಗೆ ಬದಲಿ ವಾದಗಳನ್ನೂ ಇಟ್ಟೆ: ಒಂದು ವೇಳೆ ಆತ ಗುತ್ತಿಗೆದಾರನೇ ಆದರೂ, ಸಾಕಷ್ಟು ಹಗ್ಗ ಕೊಡದಿದ್ದದ್ದು ಅಂಗಡಿಯ ಸ್ವಂತ ನಿರ್ಲಕ್ಷ್ಯ, ಸಾರ್ವಜನಿಕ ದಾರಿಯ ಮೇಲೆ ಚಾಚುವ ವಸ್ತುವಿನ ಹೊಣೆಯನ್ನು ಮನೆಯವರು ಬೇರೆಯವರಿಗೆ ದಾಟಿಸಲಾಗದು. ಕೊನೆಯದಕ್ಕೆ 1876ರ ಇಂಗ್ಲಿಷ್ ತೀರ್ಪು ಟ್ಯಾರಿ ವಿರುದ್ಧ ಆ್ಯಷ್ಟನ್ ಆಧಾರ. ಲಂಡನ್ನಿನ ಬೀದಿಗೆ ಚಾಚಿದ್ದ ದೀಪ ದಾರಿಹೋಕಳ ಮೇಲೆ ಬಿದ್ದಾಗ, ಗುತ್ತಿಗೆದಾರನಿಂದ ದುರಸ್ತಿ ಮಾಡಿಸಿದ್ದೆ ಎಂಬ ಮನೆಯಾತನ ಸಮಜಾಯಿಷಿ ನಿಲ್ಲಲಿಲ್ಲ.

ವಾಟ್ಸ್‌ಆ್ಯಪ್ ಸಂದೇಶಗಳನ್ನು ಹಾಜರುಪಡಿಸುವಾಗ 1872ರ ಸಾಕ್ಷ್ಯ ಅಧಿನಿಯಮದ 65ಬಿ ಪ್ರಮಾಣಪತ್ರ ಬೇಕಾಯಿತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇದೆ. ಅಂಗಡಿಯ ಸಾಮಾನು ವಿತರಣೆಯ ಪುಸ್ತಕವನ್ನು ತರಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶದ ಕೆಳಗೆ ಅರ್ಜಿ ಹಾಕಿದೆ. ಬಹಳ ಆಕ್ಷೇಪಣೆಯ ನಂತರ ಪುಸ್ತಕ ಬಂತು. ಅಂದಿನ ತಾರೀಖಿನ ಎದುರು ಎರಡು ಹಗ್ಗ, ಬೇರೆ ಇಬ್ಬರು ಫಿಟ್ಟರ್‌ಗಳ ಸಹಿ.

ಅಂಗಡಿಯ ಯಜಮಾನರ ಪಾಟೀಸವಾಲಿನಲ್ಲಿ ನಾನು ಕರಾರಿನ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ.

“ಫಿಟ್ಟರ್ ಒಂದು ದಿನ ಬಾರದೆ ಇದ್ದರೆ?”

“ಮುಂಚೆ ತಿಳಿಸಬೇಕು.”

“ತಿಳಿಸದಿದ್ದರೆ?”

“ಆ ವಾರ ಕೆಲಸ ಕೊಡುವುದಿಲ್ಲ.”

“ಬದಲಿಗೆ ಬೇರೆ ಫಿಟ್ಟರ್‌ನನ್ನು ಅವನೇ ಕಳಿಸಬಹುದೇ?”

“ಇಲ್ಲ. ನಾವು ತರಬೇತಿ ಕೊಟ್ಟವರೇ ಹೋಗಬೇಕು.”

“ಗ್ರಾಹಕರು ದೂರು ಹೇಳಿದರೆ?”

“ಮತ್ತೆ ಹೋಗಿ ಸರಿಮಾಡಿ ಬರಬೇಕು. ಅದಕ್ಕೆ ಬೇರೆ ದುಡ್ಡಿಲ್ಲ.”

ತನ್ನದೇ ವ್ಯಾಪಾರ ನಡೆಸುವವನಿಗೆ ರಜೆ ಕೇಳುವ ಗೊಡವೆ ಇರುವುದಿಲ್ಲ, ಬೇರೆಯವರನ್ನು ಕಳಿಸಿ ಕೆಲಸ ಮುಗಿಸುವ ಅವಕಾಶವಿರುತ್ತದೆ, ಲಾಭ ನಷ್ಟದ ಲೆಕ್ಕ ಅವನದಾಗಿರುತ್ತದೆ. ಈ ಫಿಟ್ಟರ್‌ಗೆ ಇವು ಯಾವುವೂ ಇರಲಿಲ್ಲ. ಎದುರು ವಕೀಲರು 2020ರ ಸುಶೀಲಾಬೆನ್ ಗಾಂಧಿ ತೀರ್ಪನ್ನು ಆಧಾರ ಮಾಡಿಕೊಂಡರು. ಅಲ್ಲಿ ಕಣ್ಣಾಸ್ಪತ್ರೆಯೊಂದರ ಗೌರವ ಶಸ್ತ್ರವೈದ್ಯರು ಆಸ್ಪತ್ರೆಯ ನೌಕರರಲ್ಲ ಎಂದು ಸುಪ್ರೀಂ ಕೋರ್ಟು ತೀರ್ಮಾನಿಸಿತ್ತು. ಆದರೆ ಯಾವ ಒಂದೇ ಪರೀಕ್ಷೆಯೂ ಸಾಲದು, ಎಲ್ಲ ಅಂಶಗಳನ್ನೂ ಒಟ್ಟಿಗೆ ತೂಗಬೇಕು ಎಂಬುದು ಅದೇ ತೀರ್ಪಿನ ಮಾತು. ನನಗೆ ಬೇಕಾದದ್ದೂ ಅದೇ.

ಇಲ್ಲಿಗೆ ಅಂಗಡಿ ತನ್ನ ಎರಡನೇ ರಕ್ಷಣೆಯನ್ನು ಹೂಡಿತು. ‘ಹಗ್ಗ, ಬೆಲ್ಟ್ ಇಲ್ಲದೆ ಹೊರಗೋಡೆಯ ಕೆಲಸ ಮಾಡಕೂಡದು’ ಎಂದು ಅಚ್ಚು ಹಾಕಿಸಿ ಫಿಟ್ಟರ್‌ಗಳಿಂದ ಸಹಿ ಪಡೆದ ಸೂಚನಾಪತ್ರ. ನಿಷೇಧಿಸಿದ್ದನ್ನು ಮಾಡಿದವನ ಕೃತ್ಯ ಕೆಲಸದ ಓಘಕ್ಕೆ ಸೇರದು ಎಂಬ ವಾದ. ಇದರಲ್ಲಿ ಎರಡು ಬಗೆಯ ನಿಷೇಧಗಳನ್ನು ಬೇರೆ ಮಾಡಿ ನೋಡಬೇಕು. ಯಾವ ಕೆಲಸ ಮಾಡಬೇಕು ಎಂಬುದಕ್ಕೇ ಗಡಿ ಹಾಕುವ ನಿಷೇಧ ಒಂದು. ವಹಿಸಿದ ಕೆಲಸವನ್ನು ಹೇಗೆ ಮಾಡಬಾರದು ಎನ್ನುವುದು ಇನ್ನೊಂದು. ಎರಡನೆಯದನ್ನು ಮುರಿದರೂ ಮಾಲೀಕ ತಪ್ಪಿಸಿಕೊಳ್ಳಲಾರ. ಪೈಪೋಟಿಗೆ ಬಿದ್ದು ಓಡಿಸಬಾರದೆಂದು ಸಾರಥಿಗಳಿಗೆ ಲಿಖಿತ ಸೂಚನೆ ಕೊಟ್ಟಿದ್ದ ಲಂಡನ್ ಆಮ್ನಿಬಸ್ ಕಂಪನಿ 1862ರ ಲಿಂಪಸ್ ಪ್ರಕರಣದಲ್ಲಿ ಹೊಣೆಯಾದದ್ದು ಹೀಗೆಯೇ. ಇದರ ಆಚೆ ಬದಿಯನ್ನು ತೋರಿಸುವುದು 1966ರ ಸೀತಾರಾಮ್ ಮೋತಿಲಾಲ್ ಕಲಾಲ್ ತೀರ್ಪು. ಟ್ಯಾಕ್ಸಿ ಓಡಿಸಲು ಪಡೆದವನು ಕ್ಲೀನರ್‌ಗೆ ಚಾಲನಾ ಪರವಾನಗಿ ಪರೀಕ್ಷೆಗೆಂದು ಕಾರು ಕೊಟ್ಟಾಗ ಅಪಘಾತವಾಯಿತು. ಅದು ಮಾಲೀಕನ ಕೆಲಸವೇ ಅಲ್ಲವೆಂದು ಬಹುಮತದ ತೀರ್ಪು ಅವನನ್ನು ಬಿಟ್ಟಿತು. ನಮ್ಮ ಫಿಟ್ಟರ್ ಮಾಡುತ್ತಿದ್ದದ್ದು ಬೆಳಗಿನ ಪಟ್ಟಿಯಲ್ಲಿದ್ದ ಮನೆಯ ಕೆಲಸವನ್ನೇ. ಪಕ್ಕದ ಮನೆಯವರ ಯೂನಿಟ್ಟನ್ನು ಖಾಸಗಿಯಾಗಿ ಕೂರಿಸುತ್ತಿದ್ದರೆ ನನಗೆ ಹೇಳಲು ಬಹಳ ಉಳಿಯುತ್ತಿರಲಿಲ್ಲ.

ಆ ಸೂಚನಾಪತ್ರವನ್ನು ನಾನು ವಿರೋಧಿಸದೆ ದಾಖಲೆಯಾಗಿ ಗುರುತಿಸಲು ಒಪ್ಪಿದೆ. ಸ್ವತಂತ್ರ ಗುತ್ತಿಗೆದಾರನಿಗೆ ಬೆಲ್ಟ್ ಕಟ್ಟಿಕೋ, ಹಗ್ಗ ಬಿಗಿ ಎಂದು ಅಪ್ಪಣೆ ಕೊಟ್ಟು ಸಹಿ ಹಾಕಿಸಿಕೊಳ್ಳುವ ಅಧಿಕಾರ ಅಂಗಡಿಗೆ ಎಲ್ಲಿಂದ ಬಂತು ಎಂದು ವಾದಿಸಿದೆ. ಹತೋಟಿಯ ಅಷ್ಟು ಒಳ್ಳೆಯ ಪುರಾವೆಯನ್ನು ನಾನಾಗಿ ಹುಡುಕಿದ್ದರೂ ಸಿಗುತ್ತಿರಲಿಲ್ಲ.

ತೀರ್ಪು ಬಂತು. ಫಿಟ್ಟರ್ ಮತ್ತು ಅಂಗಡಿ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ, ಅಂದರೆ ಪೂರ್ತಿ ಹಣವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ವಸೂಲು ಮಾಡಬಹುದು. ಕರಾರಿನ ಹಾನಿ ಭರಿಸುವ ಷರತ್ತು ಆ ಇಬ್ಬರ ನಡುವಿನದು, ಹೊರಗಿನವಳಾದ ವಾದಿಯನ್ನು ಕಟ್ಟುವುದಿಲ್ಲ ಎಂದಿತು ಕೋರ್ಟು. ಮನೆಯ ಮಾಲೀಕರ ಮೇಲಿನ ದಾವೆ ವಜಾ ಆಯಿತು. ಲಂಡನ್ನಿನ ಆ ದೀಪ ಮನೆಗೆ ಅಂಟಿಕೊಂಡಿತ್ತು, ಈ ಯೂನಿಟ್ ಇನ್ನೂ ಗೋಡೆ ಸೇರಿರಲಿಲ್ಲ ಎಂದರು ನ್ಯಾಯಾಧೀಶರು. ಆ ವ್ಯತ್ಯಾಸವನ್ನು ನಾನು ಈಗಲೂ ಪೂರ್ತಿ ಒಪ್ಪುವುದಿಲ್ಲ. ಆದರೆ ಕಕ್ಷಿದಾರಳಿಗೆ ಅದರಿಂದ ನಷ್ಟವಿರಲಿಲ್ಲವಾದ್ದರಿಂದ ಮೇಲ್ಮನವಿಗೆ ಹೋಗಲಿಲ್ಲ.

ಅಂಗಡಿ ಹಣ ಕಟ್ಟಿದ ಎರಡು ತಿಂಗಳಿಗೆ ಫಿಟ್ಟರ್ ಮತ್ತೆ ನನ್ನ ಕಚೇರಿಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಅಂಗಡಿಯ ನೋಟಿಸು. ಅದೇ ಷರತ್ತನ್ನು ಎತ್ತಿ, ಕಟ್ಟಿದ ಹಣವನ್ನೆಲ್ಲ ನೀನು ತುಂಬಿಕೊಡು ಎಂದು ಬರೆದಿತ್ತು. ಎದುರು ಪಕ್ಷದ ವಕೀಲನಾಗಿದ್ದ ನಾನು ಅವನ ಪರ ನಿಲ್ಲುವಂತಿರಲಿಲ್ಲ. ಹಾಗೆಂದು ತಿಳಿಸಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ದಾರಿ ಹೇಳಿದೆ. ತೀರ್ಪಿನ ಪ್ರತಿಯಲ್ಲಿ ಎರಡು ಹಗ್ಗಗಳ ಬಗ್ಗೆ ಬರೆದಿದ್ದ ಪುಟವನ್ನು ಮಡಿಸಿ, ಅಲ್ಲಿಯ ವಕೀಲರಿಗೆ ಮೊದಲು ಇದನ್ನು ತೋರಿಸು ಎಂದೆ.